‘ನಿಯಮಾನುಸಾರ ಕ್ರಮ ವಹಿಸಲಾಗುವುದು’: ಈ ಉತ್ತರ ಬಂದ ಮೇಲೆ ಬರೆಯಬೇಕಾದ ಪತ್ರ

ನಮ್ಮ ಬಸದಿ ಕಮಿಟಿಗಳ, ಶ್ರಾವಕ ಸಂಘಗಳ ಕಪಾಟಿನಲ್ಲಿ ಸರ್ಕಾರಿ ಉತ್ತರಗಳಿಗೆ ಈಗ ಕೊರತೆಯಿಲ್ಲ. ಮನವಿ ಕೊಟ್ಟರೆ ಹಿಂಬರಹ ಬರುತ್ತದೆ, ಅದರ ಮೇಲೆ ಸಂಖ್ಯೆ, ದಿನಾಂಕ, ಮೊಹರು ಎಲ್ಲವೂ ಇರುತ್ತದೆ. ಆದರೆ ನಾವು ಕೇಳಿದ್ದಕ್ಕೆ ಉತ್ತರ ಇರುವುದಿಲ್ಲ. ಕಮಿಟಿಯವರು ಅದನ್ನು ಸಭೆಯಲ್ಲಿ ಓದಿ, ಫೈಲಿಗೆ ಸೇರಿಸಿ, ಆರು ತಿಂಗಳ ನಂತರ ಅದೇ ಹಳೆಯ ಮನವಿಗೆ ಹೊಸ ದಿನಾಂಕ ಹಾಕಿ ಮತ್ತೆ ಕೊಡುತ್ತಾರೆ. ಅದೇ ಉತ್ತರ ಮತ್ತೆ ಬರುತ್ತದೆ. ಇಂಥ ಉತ್ತರಕ್ಕೆ ಎರಡನೇ ಪತ್ರ ಹೇಗಿರಬೇಕು ಎಂಬುದನ್ನು ಒಂದು ಬಸದಿಯ ಪ್ರಕರಣ ಇಟ್ಟುಕೊಂಡು ಹೇಳುತ್ತೇನೆ. ಸಮ್ಮೇದ ಶಿಖರ್ಜಿಯ ವಿಷಯದಲ್ಲೂ ನಮ್ಮ ಸಮಾಜ ಈಗ ಇದೇ ಹಂತದಲ್ಲಿದೆ. ಅದನ್ನು ಕೊನೆಯಲ್ಲಿ ನೋಡೋಣ.

ಇಂಥ ಉತ್ತರಗಳನ್ನು ನಮ್ಮವರು ತಮಾಷೆಗೆ ‘ಆಫೀಸಿನ ಸ್ಯಾದ್ವಾದ’ ಅನ್ನುವುದುಂಟು. ಇದೆ, ಇಲ್ಲ, ಹೇಳಲಾಗದು. ನನಗೆ ಈ ತಮಾಷೆ ಒಪ್ಪಿಗೆಯಿಲ್ಲ. ಸ್ಯಾದ್ವಾದದಲ್ಲಿ ಒಂದು ಮಾತು ಯಾವ ಅಪೇಕ್ಷೆಯಿಂದ ನಿಜ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ದ್ರವ್ಯದ ದೃಷ್ಟಿಯಿಂದ ನಿತ್ಯ, ಪರ್ಯಾಯದ ದೃಷ್ಟಿಯಿಂದ ಅನಿತ್ಯ ಎಂದು ಅಲ್ಲಿ ಸ್ಪಷ್ಟವಾಗಿ ಹೇಳುತ್ತಾರೆ. ಕಚೇರಿಯ ಪತ್ರದಲ್ಲಿ ಮುಚ್ಚಿಡುವುದು ಆ ಅಪೇಕ್ಷೆಯನ್ನೇ: ಯಾರು ಪರಿಶೀಲಿಸಿದರು, ಯಾವಾಗ, ಯಾವ ನಿಯಮದ ಪ್ರಕಾರ.

ಈಗ ಪ್ರಕರಣಕ್ಕೆ ಬರುತ್ತೇನೆ. ಕಚೇರಿಯ ಹೆಸರು, ಊರಿನ ಹೆಸರು ಇಲ್ಲಿ ಬೇಡ. ಪಕ್ಕದ ತಾಲ್ಲೂಕಿನ ಒಂದು ಹಳೆಯ ಕಲ್ಲಿನ ಬಸದಿ. ಜೀರ್ಣೋದ್ಧಾರಕ್ಕೆ ಸರ್ಕಾರದ ಅನುದಾನ 10 ಲಕ್ಷ ರೂಪಾಯಿ ಮಂಜೂರಾಯಿತು. 2024ರ ಫೆಬ್ರವರಿಯಲ್ಲಿ ಮೊದಲ ಕಂತು 5 ಲಕ್ಷ ಬಂತು. ಕಮಿಟಿಯವರು ಚಾವಣಿಯ ಹಳೆಯ ಗಾರೆ ಕಿತ್ತು, ಸಡಿಲಾಗಿದ್ದ ಹಾಸುಗಲ್ಲುಗಳನ್ನು ಎತ್ತಿ ಕೂಡಿಸಿದರು. ಮೇಲಿನ ಹೊಸ ಗಾರೆಯ ಕೆಲಸ ಎರಡನೇ ಕಂತಿನದು. ಮೊದಲ ಕಂತಿನ ಹಣ ಬಳಕೆ ಪ್ರಮಾಣಪತ್ರ, ನಾವೆಲ್ಲ ಯುಸಿ ಅನ್ನುವುದು, 2024ರ ಜೂನ್ 18ರಂದು ಜಿಲ್ಲಾ ಕಚೇರಿಗೆ ಕೊಟ್ಟರು. ಸ್ವೀಕೃತಿ ಮೊಹರು ಹಾಕಿಸಿಕೊಂಡಿದ್ದರು, ಅದು ಮುಂದೆ ಬಹಳ ಉಪಯೋಗಕ್ಕೆ ಬಂತು. ಎರಡನೇ ಕಂತು ಬರಲಿಲ್ಲ. ಒಂದು ಮಳೆಗಾಲ ತಾಡಪತ್ರಿ ಹೊದಿಸಿ ಕಳೆದರು. ಎರಡನೇ ಮಳೆಗಾಲಕ್ಕೆ ನವರಂಗದಲ್ಲಿ ನೀರು ಇಳಿಯತೊಡಗಿತು, ಗರ್ಭಗುಡಿಯ ಹೊಸ್ತಿಲಿಗೆ ನಾಲ್ಕು ಅಡಿ ದೂರದಲ್ಲಿ.

2025ರ ಜೂನ್‌ನಲ್ಲಿ ಕಮಿಟಿಯವರು ಒಂದು ಮನವಿ ಕೊಟ್ಟಿದ್ದರು. ನಾಲ್ಕು ಪುಟ. ಬಸದಿಯ ಇತಿಹಾಸ, ಶಾಸನದ ವಿಷಯ, ಸಮಾಜದ ಕೊಡುಗೆ, ಎರಡನೇ ಕಂತು, ಬಸದಿಗೆ ಹೋಗುವ ರಸ್ತೆ, ಕಾಂಪೌಂಡ್ ಗೋಡೆ, ತ್ಯಾಗಿ ನಿವಾಸಕ್ಕೆ ಹೊಸ ಅನುದಾನ, ಎಲ್ಲವೂ ಅದರಲ್ಲಿತ್ತು. ಜುಲೈನಲ್ಲಿ ಬಂದ ಉತ್ತರ ಒಂದೇ ವಾಕ್ಯ: ‘ತಮ್ಮ ಮನವಿಯನ್ನು ಪರಿಶೀಲಿಸಲಾಗಿದ್ದು, ಅನುದಾನದ ಲಭ್ಯತೆಗೆ ಅನುಗುಣವಾಗಿ ನಿಯಮಾನುಸಾರ ಕ್ರಮ ವಹಿಸಲಾಗುವುದು ಎಂದು ತಿಳಿಸಲು ನಿರ್ದೇಶಿಸಲ್ಪಟ್ಟಿದ್ದೇನೆ.’

ಈ ವಾಕ್ಯದಲ್ಲಿ ಸುಳ್ಳು ಒಂದೂ ಇಲ್ಲ. ಹಾಗಾಗಿ ‘ನೀವು ಸುಳ್ಳು ಹೇಳಿದ್ದೀರಿ’ ಎಂದು ಬರೆಯಲು ಬರುವುದಿಲ್ಲ. ‘ಪರಿಶೀಲಿಸಲಾಗಿದ್ದು’ ಅನ್ನುವಲ್ಲಿ ಮಾಡಿದವರಿಲ್ಲ. ‘ವಹಿಸಲಾಗುವುದು’ ಅನ್ನುವಲ್ಲಿ ದಿನವಿಲ್ಲ. ‘ಲಭ್ಯತೆಗೆ ಅನುಗುಣವಾಗಿ’ ಎಂಬುದನ್ನು ಓದಿದವರು ದುಡ್ಡಿಲ್ಲ ಎಂದು ಅರ್ಥ ಮಾಡಿಕೊಳ್ಳುತ್ತಾರೆ, ಆದರೆ ಪತ್ರದಲ್ಲಿ ದುಡ್ಡಿಲ್ಲ ಎಂದು ಎಲ್ಲೂ ಬರೆದಿಲ್ಲ. ಕಮಿಟಿಯ ಅಧ್ಯಕ್ಷರು ಹಾಗೆಯೇ ಅರ್ಥ ಮಾಡಿಕೊಂಡು ಶಾಸಕರ ಮನೆಗೆ ಎರಡು ಸಲ ಹೋಗಿಬಂದಿದ್ದರು. ಕಚೇರಿಯಲ್ಲಿ ಬಾಯಿಮಾತಿನಲ್ಲೂ ಅದನ್ನೇ ಹೇಳಿದ್ದರು: ‘ಬಜೆಟ್ ಬಂದಿಲ್ಲ ಸಾವ್ಕಾರ್ರೇ, ಬಂದ ಕೂಡ್ಲೇ ನಾವೇ ಫೋನ್ ಮಾಡ್ತೀವಿ.’

ವ್ಯಾಪಾರದಲ್ಲಿ ಇದ್ದವರಿಗೆ ಈ ಮಾತು ಗೊತ್ತು. ಮಾಲು ಬಾರದಿದ್ದಾಗ ‘ಮಾಲು ಹೊರಟಿದೆ’ ಎಂದು ಪಾರ್ಟಿ ಫೋನಿನಲ್ಲಿ ಹೇಳುತ್ತಾನೆ. ಆಗ ಯಾಕೆ ತಡ, ಯಾವಾಗ ಬರುತ್ತದೆ ಎಂದು ನಾವು ವಾದಿಸುವುದಿಲ್ಲ. ಎಲ್‌ಆರ್ ನಂಬರ್ ಕೊಡಿ ಅನ್ನುತ್ತೇವೆ. ಲಾರಿಗೆ ಹಾಕಿದ್ದರೆ ನಂಬರ್ ಇರುತ್ತದೆ. ನಂಬರ್ ಇಲ್ಲ ಅಂದರೆ ಮಾಲು ಇನ್ನೂ ಅವನ ಗೋದಾಮಿನಲ್ಲೇ ಇದೆ. ಸರ್ಕಾರಿ ಕಡತಕ್ಕೂ ಇಂಥ ನಂಬರ್ ಇದೆ. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಏನು ಹೋದರೂ ಪತ್ರ ಸಂಖ್ಯೆ ಮತ್ತು ದಿನಾಂಕವಿಲ್ಲದೆ ಹೋಗುವುದಿಲ್ಲ.

ಆದ್ದರಿಂದ ಎರಡನೇ ಪತ್ರ ಬರೆಯುವ ಮೊದಲು ಕಮಿಟಿಯವರ ಜೊತೆ ಕೂತು ಒಂದು ಲೆಕ್ಕ ಹಾಕಿದೆವು: ಹಣ ಎಲ್ಲೆಲ್ಲಿ ನಿಂತಿರಬಹುದು? ಯುಸಿ ಸ್ವೀಕೃತಿಯಾಗಿಯೂ ಕಡತಕ್ಕೆ ಸೇರದೆ ಎಲ್ಲೋ ಉಳಿದಿರಬಹುದು. ಕಡತಕ್ಕೆ ಸೇರಿ, ಅದರ ಮೇಲೆ ಆಕ್ಷೇಪಣೆ ಬಂದು ಜಿಲ್ಲಾ ಕಚೇರಿಯಲ್ಲೇ ನಿಂತಿರಬಹುದು. ಅಲ್ಲಿಂದ ಬೆಂಗಳೂರಿನ ಕೇಂದ್ರ ಕಚೇರಿಗೆ ಹೋಗಿ ಅಲ್ಲಿರಬಹುದು. ಅಥವಾ ಎಲ್ಲ ಮುಗಿದು ನಿಜವಾಗಿಯೂ ಬಜೆಟ್ ಬಿಡುಗಡೆಗೆ ಕಾಯುತ್ತಿರಬಹುದು. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಇನ್ನೊಂದು ಪ್ರತಿ ಕೊಟ್ಟರೆ ಸಾಕು. ಎರಡನೆಯದಕ್ಕೆ ಆಕ್ಷೇಪಣೆ ಸರಿಪಡಿಸಬೇಕು. ಮೂರನೆಯದಕ್ಕೆ ಬೆಂಗಳೂರಿಗೆ ಬರೆಯಬೇಕು. ಶಾಸಕರ ಮನೆಗೆ ಹೋಗುವುದರಿಂದ ಉಪಯೋಗವಿರುವುದು ನಾಲ್ಕನೆಯದಕ್ಕೆ ಮಾತ್ರ. ಹಾಗಾದರೆ ಈ ನಾಲ್ಕರಲ್ಲಿ ಯಾವುದು ಎಂದು ಗೊತ್ತಾಗುವಂಥ ಒಂದೇ ಪ್ರಶ್ನೆ ಬೇಕು. ಕಚೇರಿಯವರು ಪ್ರಾಮಾಣಿಕವಾಗಿ ಏನೇ ಉತ್ತರ ಕೊಟ್ಟರೂ ನಮ್ಮ ಮುಂದಿನ ಹೆಜ್ಜೆ ತಿಳಿಯಬೇಕು. ಆ ಪ್ರಶ್ನೆ ಇದು: ಯುಸಿಯನ್ನು ನಿಮ್ಮ ಕಚೇರಿಯಿಂದ ಮೇಲಿನ ಕಚೇರಿಗೆ ಯಾವ ಪತ್ರ ಸಂಖ್ಯೆ, ಯಾವ ದಿನಾಂಕದಲ್ಲಿ ಕಳಿಸಿದ್ದೀರಿ?

ಪತ್ರ ಹೀಗಿತ್ತು:

‘ವಿಷಯ: ಬಸದಿ ಜೀರ್ಣೋದ್ಧಾರ ಅನುದಾನದ ಎರಡನೇ ಕಂತಿನ ಬಗ್ಗೆ ಒಂದು ಸ್ಪಷ್ಟೀಕರಣ ಕೋರಿ. ಉಲ್ಲೇಖ: ತಮ್ಮ ಕಚೇರಿ ಪತ್ರದ ಸಂಖ್ಯೆ ಮತ್ತು ದಿನಾಂಕ. ಮಾನ್ಯರೇ, ತಮ್ಮ ಉಲ್ಲೇಖಿತ ಪತ್ರ ತಲುಪಿದೆ, ವಂದನೆಗಳು. ನಮ್ಮ ಹಿಂದಿನ ಮನವಿಯ ಉಳಿದ ಅಂಶಗಳನ್ನು ಸದ್ಯಕ್ಕೆ ಬದಿಗಿಟ್ಟು ಒಂದೇ ವಿಷಯ ಕೇಳುತ್ತಿದ್ದೇವೆ. ಮೊದಲ ಕಂತಿನ ಹಣ ಬಳಕೆ ಪ್ರಮಾಣಪತ್ರವನ್ನು ದಿನಾಂಕ 18-06-2024ರಂದು ತಮ್ಮ ಕಚೇರಿಗೆ ಸಲ್ಲಿಸಿದ್ದೇವೆ (ಸ್ವೀಕೃತಿ ಪ್ರತಿ ಲಗತ್ತಿಸಿದೆ). ಅದನ್ನು ಕೇಂದ್ರ ಕಚೇರಿಗೆ ಕಳುಹಿಸಿದ ಪತ್ರದ ಸಂಖ್ಯೆ ಮತ್ತು ದಿನಾಂಕವನ್ನು ತಿಳಿಸಬೇಕು. ಕಳುಹಿಸಿಲ್ಲವಾದರೆ, ಇಲ್ಲ ಎಂದು ತಿಳಿಸಿ, ಕಡತ ಇಂದು ಯಾವ ಹುದ್ದೆಯ ಅಧಿಕಾರಿಯ ಬಳಿ ಯಾವ ದಿನಾಂಕದಿಂದ ಇದೆ ಎಂಬುದನ್ನು ತಿಳಿಸಬೇಕು. ತಮ್ಮ ಪತ್ರದಲ್ಲಿ ಅನುದಾನದ ಲಭ್ಯತೆಯ ಪ್ರಸ್ತಾಪವಿದೆ. ಈ ಪ್ರಶ್ನೆಗೆ ಉತ್ತರಿಸಲು ಅನುದಾನ ಲಭ್ಯವಿರಬೇಕಾದ ಅಗತ್ಯವಿಲ್ಲ ಎಂದು ಭಾವಿಸಿದ್ದೇವೆ. 15 ದಿನಗಳೊಳಗೆ ಲಿಖಿತ ಉತ್ತರ ಕೋರುತ್ತೇವೆ.’

ಕಮಿಟಿಯ ಹುಡುಗರಿಗೆ ಈ ಪತ್ರ ಸಪ್ಪೆ ಅನ್ನಿಸಿತು. ನವರಂಗದಲ್ಲಿ ನೀರು ಸೋರುವುದನ್ನು, ಸಮಾಜದ ಭಾವನೆಗೆ ನೋವಾಗಿದೆ ಎಂಬುದನ್ನು ಸೇರಿಸಬೇಕು ಅಂದರು. ಅದೆಲ್ಲ ಮೊದಲ ಮನವಿಯಲ್ಲೇ ಇತ್ತು. ಎರಡನೇ ಪತ್ರದಲ್ಲಿ ಅದನ್ನು ಹಾಕಿದರೆ ಕಚೇರಿಯವರು ಅದಕ್ಕೇ ಉತ್ತರ ಕೊಟ್ಟು ಪ್ರಶ್ನೆಯನ್ನು ಬಿಡುತ್ತಾರೆ. ‘ಸಮಾಜದ ಭಾವನೆಗಳನ್ನು ಗೌರವಿಸಲಾಗುವುದು’ ಎಂಬ ಇನ್ನೊಂದು ಹಾಳೆ ಬರುತ್ತದೆ. ಹಿತವಾಗಿ, ಮಿತವಾಗಿ ನುಡಿಯಬೇಕೆಂಬ ಭಾಷಾ ಸಮಿತಿ ಮುನಿಗಳಿಗೆ ಹೇಳಿದ್ದಾದರೂ ಇಂಥ ಪತ್ರಕ್ಕೂ ಸರಿಹೊಂದುತ್ತದೆ ಎಂದು ಅವರಿಗೆ ಹೇಳಿದೆ. ಆಪಾದನೆ ಇಲ್ಲದ ಪತ್ರಕ್ಕೆ ಗುಮಾಸ್ತರು ರಕ್ಷಣೆಗೆ ನಿಲ್ಲಬೇಕಾಗಿಲ್ಲ.

‘ಕಳುಹಿಸಿಲ್ಲವಾದರೆ’ ಎಂಬ ಎರಡನೇ ಕಾಲು ಮುಖ್ಯವಾದದ್ದು. ಪ್ರಶ್ನೆಯನ್ನು ಕಿರಿದಾಗಿಸುವಾಗ ಅತಿಯಾಗಿ ಕಿರಿದಾಗಿಸುವ ಅಪಾಯವೂ ಇದೆ. ‘ಎರಡನೇ ಕಂತು ಬಿಡುಗಡೆಯಾಗಿದೆಯೇ?’ ಎಂದು ಮಾತ್ರ ಕೇಳಿದರೆ ‘ಇಲ್ಲ’ ಎಂದು ನೇರ ಉತ್ತರವೇ ಬರುತ್ತದೆ, ನಮಗೆ ಮೊದಲೇ ಗೊತ್ತಿದ್ದ ಉತ್ತರ.

ಹದಿನೆಂಟು ದಿನಕ್ಕೆ ಉತ್ತರ ಬಂತು: ‘ಸದರಿ ಕಡತವು ಪರಿಶೀಲನೆಯಲ್ಲಿರುತ್ತದೆ.’ ಸಭೆಯಲ್ಲಿ ಎಲ್ಲರಿಗೂ ಬೇಸರವಾಯಿತು. ಆದರೆ ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಒಂದು ವಿಷಯ ಕಾಣುತ್ತದೆ. ಜುಲೈನಲ್ಲಿ ‘ಪರಿಶೀಲಿಸಲಾಗಿದ್ದು’ ಎಂದಿದ್ದವರು ಈಗ ‘ಪರಿಶೀಲನೆಯಲ್ಲಿರುತ್ತದೆ’ ಎಂದಿದ್ದಾರೆ. ಅನುದಾನದ ಲಭ್ಯತೆಯ ಮಾತು ಬಿಟ್ಟುಹೋಗಿದೆ. ಕೇಂದ್ರ ಕಚೇರಿಗೆ ಕಳಿಸಿದ್ದರೆ ಸಂಖ್ಯೆ ಬರೆದು ಕೈತೊಳೆದುಕೊಳ್ಳುವುದು ಅವರಿಗೆ ಸುಲಭವಿತ್ತು, ಹಾಗೆ ಮಾಡಿಲ್ಲ. ಅಂದರೆ ಕಡತ ಬಹುತೇಕ ಜಿಲ್ಲಾ ಕಚೇರಿಯಲ್ಲೇ ಇದೆ. ಜಾರಿಕೊಳ್ಳುವ ಉತ್ತರದಲ್ಲಿ ಏನು ಬಿಟ್ಟಿದ್ದಾರೆ ಎಂದು ನೋಡುವುದನ್ನು ನಮ್ಮವರು ರೂಢಿ ಮಾಡಿಕೊಳ್ಳಬೇಕು.

ಇನ್ನು ಮುಂದಿನದು ಮಾಹಿತಿ ಹಕ್ಕು ಅರ್ಜಿ. ಸಾಮಾನ್ಯ ಪತ್ರಕ್ಕೆ ನಾವು ಹಾಕಿದ 15 ದಿನ ನಮ್ಮ ಕೋರಿಕೆ ಅಷ್ಟೆ, ಮಾಹಿತಿ ಹಕ್ಕು ಅರ್ಜಿಗೆ 30 ದಿನ ಕಾನೂನಿನ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದ ಮೀರಬಾರದು. ಒಂದಕ್ಕಿಂತ ಹೆಚ್ಚು ವಿಷಯ ಸೇರಿಸಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು ಉಳಿದದ್ದನ್ನು ಬಿಡಲು ಅಧಿಕಾರಿಗೆ ಅವಕಾಶವಿದೆ. ಆ ನಾಲ್ಕು ಪುಟದ ಮನವಿಯನ್ನು ಹಾಗೇ ಅರ್ಜಿಯಾಗಿ ಕೊಟ್ಟಿದ್ದರೆ ಬಸದಿಯ ಇತಿಹಾಸಕ್ಕೆ ಮಾತ್ರ ಉತ್ತರ ಬರುತ್ತಿತ್ತೇನೋ!

ಇಲ್ಲಿ ‘ಯಾಕೆ’ ಎಂಬ ಪದ ಕೆಲಸಕ್ಕೆ ಬರುವುದಿಲ್ಲ. ಕಚೇರಿಯಲ್ಲಿ ದಾಖಲೆಯಾಗಿ ಇರುವುದನ್ನು ಕೊಡುವುದಷ್ಟೇ ಅವರ ಹೊಣೆ, ಇಲ್ಲದ ಮಾಹಿತಿಯನ್ನು ಹೊಸದಾಗಿ ತಯಾರಿಸುವುದು ಅಥವಾ ಅಭಿಪ್ರಾಯ ಹೇಳುವುದು ಅವರ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ‘ಯಾಕೆ ಹಣ ಬಿಡುಗಡೆ ಮಾಡಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ತಿರಸ್ಕರಿಸಬಹುದು. ಆದರೆ ಆ ‘ಯಾಕೆ’ಗೆ ಉತ್ತರ ಕಡತದ ಟಿಪ್ಪಣಿ ಹಾಳೆಯಲ್ಲಿ ಯಾರೋ ಒಬ್ಬರು ಬರೆದೇ ಇರುತ್ತಾರೆ. ಆದ್ದರಿಂದ ಹಾಳೆಯನ್ನೇ ಕೇಳಬೇಕು. ನಮ್ಮ ಅರ್ಜಿಯಲ್ಲಿ ಇದ್ದದ್ದು ಎರಡೇ: ಕಡತ ಸಂಖ್ಯೆ ಇಂತಿಷ್ಟರಲ್ಲಿ 18-06-2024ರಿಂದ ಅರ್ಜಿಯ ದಿನಾಂಕದವರೆಗಿನ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ, ಮತ್ತು ಅದೇ ಅವಧಿಯಲ್ಲಿ ಈ ಕಡತದಿಂದ ಹೊರಗೆ ಹೋದ ಪತ್ರಗಳ ಪ್ರತಿ. ಅರ್ಜಿ ನೂರು ಪದವೂ ಆಗಲಿಲ್ಲ. 10 ರೂಪಾಯಿಯ ಪೋಸ್ಟಲ್ ಆರ್ಡರ್, ರಿಜಿಸ್ಟರ್ಡ್ ಅಂಚೆ.

ಇಪ್ಪತ್ತೇಳನೇ ದಿನ ಮೂರು ಪುಟ ಬಂದವು, ಪುಟಕ್ಕೆ 2 ರೂಪಾಯಿಯಂತೆ 6 ರೂಪಾಯಿ ಕಟ್ಟಿದೆವು. ಎಲ್ಲ ಅದರಲ್ಲೇ ಇತ್ತು. ಯುಸಿಯ ಜೊತೆ ಇಟ್ಟಿದ್ದ ಅಳತೆ ಪುಸ್ತಕದ ನಕಲಿನಲ್ಲಿ ಸಹಾಯಕ ಎಂಜಿನಿಯರರ ಸಹಿ ಇತ್ತು, ಅವರ ಮೇಲಿನ ಅಧಿಕಾರಿಯ ಮೇಲುಸಹಿ ಇರಲಿಲ್ಲ. 2024ರ ಆಗಸ್ಟ್‌ನಲ್ಲೇ ಇದನ್ನು ಆಕ್ಷೇಪಿಸಿ ಎಂಜಿನಿಯರಿಂಗ್ ಉಪವಿಭಾಗಕ್ಕೆ ಪತ್ರ ಹೋಗಿತ್ತು. ಕಮಿಟಿಗೆ ಅದರ ಪ್ರತಿ ಬಂದಿರಲಿಲ್ಲ. ಉಪವಿಭಾಗದಿಂದ ಉತ್ತರ ಬಂದಿರಲಿಲ್ಲ. ಆಮೇಲೆ ಹದಿಮೂರು ತಿಂಗಳು ಹಾಳೆಯಲ್ಲಿ ಏನೂ ಬರೆದಿಲ್ಲ. ಬಜೆಟ್ ಎಂಬ ಪದ ಮೂರೂ ಪುಟಗಳಲ್ಲಿ ಒಂದು ಸಲವೂ ಇಲ್ಲ. ಶಾಸಕರ ಮನೆಗೆ ಹೋಗುವುದನ್ನು ನಿಲ್ಲಿಸಿ, ಅಧ್ಯಕ್ಷರು ಆ ಆಕ್ಷೇಪಣೆ ಪತ್ರದ ಪ್ರತಿ ಹಿಡಿದು ಉಪವಿಭಾಗಕ್ಕೆ ಹೋದರು. ಮೇಲುಸಹಿ ಆಗಲು ಮೂರು ಭೇಟಿ ಹಿಡಿಯಿತು. ಈಗ ಯುಸಿ ಬೆಂಗಳೂರಿಗೆ ಹೋಗಿದೆ, ಕಮಿಟಿಯ ಕೈಯಲ್ಲಿ ಪತ್ರ ಸಂಖ್ಯೆ ಮತ್ತು ದಿನಾಂಕ ಇದೆ. ಹಣ ಇನ್ನೂ ಬಂದಿಲ್ಲ. ತಾಡಪತ್ರಿ ಹಾಗೇ ಇದೆ.

ಮಾಹಿತಿ ಹಕ್ಕು ಅರ್ಜಿಗೂ ಜಾರಿಕೊಳ್ಳುವ ಉತ್ತರ ಬಂದಿದ್ದರೆ? ಅದು ಸಿಕ್ಕ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ನಾಲ್ಕು ಪುಟ ಬೇಡ. ಎರಡು ಸಾಲು ಸಾಕು: ‘ಅಂಶ 1ರಲ್ಲಿ ಟಿಪ್ಪಣಿ ಹಾಳೆಯ ಪ್ರತಿ ಕೇಳಿದೆ. ಉತ್ತರದಲ್ಲಿ ಪ್ರತಿ ಕೊಟ್ಟಿಲ್ಲ, ಕಾನೂನಿನ ಯಾವ ಕಲಂ ಅಡಿ ನಿರಾಕರಿಸಲಾಗಿದೆ ಎಂದೂ ಹೇಳಿಲ್ಲ.’ ಮಾಹಿತಿ ನಿರಾಕರಿಸಿದರೆ ಕಾರಣ, ಮೇಲ್ಮನವಿಯ ಅವಧಿ, ಮೇಲ್ಮನವಿ ಅಧಿಕಾರಿಯ ವಿವರ ಕೊಡಬೇಕೆಂದು ಕಲಂ 7(8) ಹೇಳುತ್ತದೆ. ಮೇಲ್ಮನವಿ 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನವಾಗಬೇಕು. ಅದಾದ ಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗಬಹುದು, ಆದರೆ ಅಲ್ಲಿ ಸರದಿ ಬರಲು ಬಹಳ ಕಾಲ ಬೇಕು. ಚಾವಣಿ ಸೋರುತ್ತಿರುವಾಗ ಅದನ್ನೇ ನೆಚ್ಚಿಕೊಂಡು ಕೂರುವುದು ಜಾಣತನವಲ್ಲ.

ಇತ್ತೀಚಿನ ಒಂದು ಬದಲಾವಣೆಯನ್ನೂ ಗಮನಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಮೂಲಕ ಮಾಹಿತಿ ಹಕ್ಕಿನ ಕಲಂ 8(1)(ಜೆ) ತಿದ್ದುಪಡಿಯಾಗಿ 2025ರ ನವೆಂಬರ್‌ನಿಂದ ಜಾರಿಗೆ ಬಂದಿದೆ. ಮೊದಲು ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದಿತ್ತು. ಈಗ ಆ ಕಲಮಿನಲ್ಲಿ ‘ವೈಯಕ್ತಿಕ ಮಾಹಿತಿ’ ಎಂದಷ್ಟೇ ಉಳಿದಿದೆ. ಹೆಚ್ಚಿನ ಸಾರ್ವಜನಿಕ ಹಿತವಿದ್ದರೆ ಕೊಡಬಹುದೆಂಬ ಕಲಂ 8(2) ಹಾಗೇ ಇದೆಯಾದರೂ, ಅದನ್ನು ವಾದಿಸಿ ಗೆಲ್ಲುವುದು ನಮ್ಮ ಕೆಲಸವಾಗುತ್ತದೆ. ಹಾಗಾಗಿ ಹೆಸರು ಕೇಳದೆ ಹುದ್ದೆ ಕೇಳುವುದು ಒಳ್ಳೆಯದು. ವಿದ್ಯಾರ್ಥಿವೇತನದ ವಿಷಯವಾದರೆ ಯಾರ್‍ಯಾರಿಗೆ ಬಂದಿಲ್ಲ ಎಂಬ ಪಟ್ಟಿಯ ಬದಲು ಎಷ್ಟು ಅರ್ಜಿ ಯಾವ ಹಂತದಲ್ಲಿ ನಿಂತಿವೆ ಎಂಬ ಸಂಖ್ಯೆ ಕೇಳಬೇಕು. ಸಂಖ್ಯೆಗೆ ಯಾರ ಖಾಸಗಿತನದ ನೆಪವೂ ಹೊಂದುವುದಿಲ್ಲ.

ಈಗ ಶಿಖರ್ಜಿ. 2019ರ ಆಗಸ್ಟ್ 2ರಂದು ಕೇಂದ್ರ ಪರಿಸರ ಸಚಿವಾಲಯ ಪಾರಸನಾಥ ವನ್ಯಜೀವಿ ಧಾಮದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಿಸಿತು. ಅದರಲ್ಲಿ ಪ್ರವಾಸೋದ್ಯಮಕ್ಕೆ ಅವಕಾಶವಿದ್ದುದಕ್ಕೆ ದೇಶದಾದ್ಯಂತ ನಮ್ಮವರು ಬೀದಿಗಿಳಿದರು. 2023ರ ಜನವರಿ 5ರಂದು ಸಚಿವಾಲಯ ಒಂದು ಜ್ಞಾಪನ ಪತ್ರ ಹೊರಡಿಸಿತು. ಅಧಿಸೂಚನೆಯ ಕಲಂ 3ರ ಜಾರಿಗೆ, ಪ್ರವಾಸೋದ್ಯಮ ಮತ್ತು ಪರಿಸರ ಪ್ರವಾಸೋದ್ಯಮದ ಚಟುವಟಿಕೆಗಳೂ ಸೇರಿ, ತಡೆ ಕೊಟ್ಟಿತು. ಮೇಲ್ವಿಚಾರಣಾ ಸಮಿತಿಗೆ ಜೈನ ಸಮಾಜದ ಇಬ್ಬರನ್ನು, ಸ್ಥಳೀಯ ಬುಡಕಟ್ಟು ಸಮುದಾಯದ ಒಬ್ಬರನ್ನು ಖಾಯಂ ಆಹ್ವಾನಿತರಾಗಿ ಸೇರಿಸಿಕೊಳ್ಳಲು ಜಾರ್ಖಂಡ್ ಸರ್ಕಾರಕ್ಕೆ ಹೇಳಿತು. ನಮ್ಮಲ್ಲಿ ಅನೇಕರು ‘ಅಧಿಸೂಚನೆ ರದ್ದಾಯಿತು’ ಎಂದು ಸಿಹಿ ಹಂಚಿದರು. ಆ ಪತ್ರದಲ್ಲಿ ಇರುವುದು ತಡೆ, ರದ್ದು ಅಲ್ಲ. ತಡೆಯನ್ನು ಇನ್ನೊಂದು ಪತ್ರದಿಂದ ತೆಗೆಯಬಹುದು.

ಇಂದಿಗೂ ಸಂಘಗಳಿಂದ ಹೋಗುವ ಮನವಿಗಳಲ್ಲಿ ‘ಶಿಖರ್ಜಿಯ ಪಾವಿತ್ರ್ಯ ಕಾಪಾಡಬೇಕು’ ಎಂದಿರುತ್ತದೆ. ‘ಪಾವಿತ್ರ್ಯ ಕಾಪಾಡಲು ಸರ್ಕಾರ ಬದ್ಧವಾಗಿದೆ’ ಎಂಬುದು ಅದಕ್ಕೆ ತಕ್ಕ ಉತ್ತರ, ಮತ್ತು ಅಲ್ಲಿಗೆ ಪತ್ರವ್ಯವಹಾರ ಮುಗಿಯುತ್ತದೆ. ಬಸದಿಯ ಪತ್ರದಂತೆ ಇಲ್ಲೂ ಕೇಳಬಹುದಾದದ್ದು ಸ್ವಲ್ಪವೇ. ಸಚಿವಾಲಯಕ್ಕೆ: 05-01-2023ರ ಜ್ಞಾಪನ ಪತ್ರವನ್ನು ಮಾರ್ಪಡಿಸುವ ಅಥವಾ ಹಿಂಪಡೆಯುವ ಯಾವುದೇ ಆದೇಶ ನಂತರ ಹೊರಟಿದೆಯೇ, ಹೊರಟಿದ್ದರೆ ಪ್ರತಿ. ಜಾರ್ಖಂಡ್ ಸರ್ಕಾರಕ್ಕೆ: ಮೇಲ್ವಿಚಾರಣಾ ಸಮಿತಿಗೆ ಆಹ್ವಾನಿತರನ್ನು ಸೇರಿಸಿದ ಆದೇಶದ ಸಂಖ್ಯೆ ಮತ್ತು ದಿನಾಂಕ, ಸೇರಿಸಿಲ್ಲವಾದರೆ ಇಲ್ಲ ಎಂಬ ಉತ್ತರ, ಮತ್ತು ಆ ದಿನದಿಂದ ಇಂದಿನವರೆಗೆ ನಡೆದ ಸಭೆಗಳ ನಡಾವಳಿಯ ಪ್ರತಿ. ಎರಡೂ ಬೇರೆ ಬೇರೆ ಅರ್ಜಿಗಳು. ಸಚಿವಾಲಯದ್ದನ್ನು ಕರ್ನಾಟಕದಲ್ಲೇ ಕೂತು rtionline.gov.in ಮೂಲಕ 10 ರೂಪಾಯಿಗೆ ಹಾಕಬಹುದು, ಕೇಂದ್ರದ ನಿಯಮದಲ್ಲಿ 500 ಪದದವರೆಗೆ ಅವಕಾಶವಿದೆ. ಅಷ್ಟು ಪದ ಇದಕ್ಕೆ ಬೇಕಾಗುವುದಿಲ್ಲ.